ಬಯಲೇ ಮೇಷ್ಟ್ರ ಸ್ಲೇಟು

(ನಮ್ಮ ಮೇಷ್ಟ್ರ ಬೀಳ್ಕೊಡುಗೆ ಸಭೆಯಲ್ಲಿ ಆಡಿದ ಮಾತು. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಅಳತೆಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಷ್ಟ್ರು ಮುಂದಿನ ಸಾಲಲ್ಲಿ ಕೂತಿದ್ದಾರೆ, ಆಗಲೇ ಗಡಿಯಾರ ನೋಡ್ತಾ ಇದ್ದಾರೆ. ಹಾಗಾಗಿ ಬೇಗ ಶುರು ಮಾಡ್ತೀನಿ.

ನನಗಿಂತ ಮೊದಲು ಮಾತಾಡಿದವರೆಲ್ಲ ಮೇಷ್ಟ್ರು ಎಷ್ಟು ಮಕ್ಕಳನ್ನು ಓಡಿಸಿದರು, ಎಷ್ಟು ಪದಕ ಬಂತು ಅಂತ ಹೇಳಿದರು. ನಾನು ಮಕ್ಕಳು ಬರುವ ಮುಂಚೆ ನಡೀತಿದ್ದ ಕೆಲಸದ ಬಗ್ಗೆ ಹೇಳಬೇಕು ಅಂತಿದ್ದೀನಿ. ನಾನೂ ಈಗ ದೈಹಿಕ ಶಿಕ್ಷಕಿ. ನನ್ನ ಕೈಗೆ ಒಂದು ಬಯಲು ಬಂದ ಮೇಲೇ ಆ ಕೆಲಸ ಏನು ಅಂತ ಗೊತ್ತಾಗಿದ್ದು.

ನಮ್ಮ ಬಯಲು ನಿಮಗೆಲ್ಲ ಗೊತ್ತು. ಹುಲ್ಲಿಲ್ಲ, ನೆರಳಿಲ್ಲ, ಉದ್ದ 90 ಮೀಟರ್, ಅಗಲ ಸುಮಾರು 50. ಬೇರೆಯವರು ನೋಡಿದರೆ ಅಲ್ಲಿ ಏನೂ ಇಲ್ಲ. ಮೇಷ್ಟ್ರಿಗೆ ಅದೊಂದು ಸ್ಲೇಟು. ಅದರ ಮೇಲೆ ಬರೀತಿದ್ದರು, ಅದರಿಂದ ಓದ್ತಿದ್ದರು. ಇವತ್ತು ಆ ಎರಡರ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲು ಬರೆಯೋದು.

ಅಷ್ಟು ಜಾಗದಲ್ಲಿ 400 ಮೀಟರ್ ಟ್ರ್ಯಾಕ್ ಕೂರಲ್ಲ. 200 ಮೀಟರ್‌ದು ಕೂರುತ್ತೆ, ಅದೂ ಲೆಕ್ಕ ಹಾಕಿ ಕೂರಿಸಿದರೆ. ಮೇಷ್ಟ್ರ ಲೆಕ್ಕ ಹೀಗಿತ್ತು. ಎರಡು ಕಡೆ ನೇರ ಓಟಕ್ಕೆ 40, 40 ಮೀಟರ್. ಉಳಿದ 120 ಮೀಟರ್ ಎರಡು ಅರ್ಧ ವೃತ್ತದಲ್ಲಿ ಬರಬೇಕು. ಎರಡು ಅರ್ಧ ಸೇರಿದರೆ ಒಂದು ಪೂರ್ತಿ ವೃತ್ತ. 120ನ್ನು 6.283ರಿಂದ, ಅಂದರೆ ಎರಡು ಪೈಯಿಂದ ಭಾಗಿಸಿದರೆ ತ್ರಿಜ್ಯ 19.10 ಮೀಟರ್ ಬರುತ್ತೆ. ಆದರೆ ಸುಣ್ಣದ ಗೆರೆಯನ್ನು 19.10ಕ್ಕೆ ಎಳೆಯೋ ಹಾಗಿಲ್ಲ. ಓಡುವವರು ಗೆರೆ ಮೇಲೆ ಓಡಲ್ಲ, ಅದರಿಂದ ಸ್ವಲ್ಪ ಆಚೆ ಓಡ್ತಾರೆ. ಬರೀ ಸುಣ್ಣದ ಗೆರೆ ಇರೋ ಟ್ರ್ಯಾಕಿನಲ್ಲಿ ದೂರವನ್ನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೀಬೇಕು ಅನ್ನೋದು ನಿಯಮ. ಹಾಗಾಗಿ ಗೆರೆಯ ತ್ರಿಜ್ಯ 18.90. ಈ 20 ಸೆಂಟಿಮೀಟರ್ ಮರೆತರೆ ಒಂದು ಸುತ್ತಿಗೆ ಒಂದೂಕಾಲು ಮೀಟರ್ ಜಾಸ್ತಿ ಆಗಿಬಿಡುತ್ತೆ. ನನ್ನ ಮೊದಲ ವರ್ಷ ನಾನು ಮರೆತಿದ್ದೆ. ಮೇಷ್ಟ್ರೇ, ಇದನ್ನು ನಿಮಗೆ ಇವತ್ತೇ ಹೇಳ್ತಿರೋದು.

ಆಮೇಲೆ ನೆಲದ ಮೇಲಿನ ಕೆಲಸ. ಬಯಲಿನ ನಡುವೆ ಎರಡು ಗೂಟ, ಒಂದಕ್ಕೊಂದು ಸರಿಯಾಗಿ 40 ಮೀಟರ್ ದೂರ. ಅವೇ ಎರಡು ಅರ್ಧ ವೃತ್ತಗಳ ಕೇಂದ್ರ. ಪ್ರತಿ ಗೂಟದಿಂದ ಎರಡೂ ಪಕ್ಕಕ್ಕೆ ಲಂಬವಾಗಿ 18.90 ಅಳೆದು ಮತ್ತೆ ಗೂಟ. ಲಂಬ ಅಂದರೆ ಕಣ್ಣಳತೆ ಅಲ್ಲ. ಹಗ್ಗದಲ್ಲಿ 3, 4, 5 ಮೀಟರ್ ಅಂತರಕ್ಕೆ ಗಂಟು ಹಾಕಿ ತ್ರಿಕೋನ ಮಾಡಿ ಹಿಡಿದರೆ 3, 4 ಸೇರೋ ಮೂಲೆ ತಾನಾಗೇ ಲಂಬ ಆಗುತ್ತೆ. ನಾವು ಮೂರು ಮಕ್ಕಳು ಮೂರು ಗಂಟು ಹಿಡ್ಕೊಂಡು ನಿಲ್ತಿದ್ದೆವು. ನನಗೆ ಪೈಥಾಗೊರಸ್ ಅರ್ಥ ಆಗಿದ್ದು ಅಲ್ಲೇ, ತರಗತಿಯಲ್ಲಿ ಅಲ್ಲ. ನಾಲ್ಕು ಹೊರ ಗೂಟ ನೆಟ್ಟ ಮೇಲೆ ಮೇಷ್ಟ್ರು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡೂ ಕಡೆ ಅಳೀತಿದ್ದರು. ಎರಡೂ 55 ಮೀಟರ್ 3 ಸೆಂಟಿಮೀಟರ್ ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಚೌಕ ವಾಲಿದೆ ಅಂತ ಅರ್ಥ. ಎಲ್ಲ ಕಿತ್ತು ಮತ್ತೆ ಮೊದಲಿಂದ. ನಾವು ಗೊಣಗ್ತಿದ್ದೆವು. ಅವರಿಗೆ ಕೇಳಿಸ್ತಿರಲಿಲ್ಲ, ಅಥವಾ ಕೇಳಿಸದ ಹಾಗೆ ಇರ್ತಿದ್ದರು.

ಲೇನ್ ಅಗಲ 1.22 ಮೀಟರ್, ನಾಲ್ಕು ಲೇನ್. ಇಲ್ಲಿ ಪ್ರತಿ ವರ್ಷ ಒಂದು ಜಗಳ ಗ್ಯಾರಂಟಿ. 200 ಮೀಟರ್ ಓಟ ಅಂದರೆ ಪೂರ್ತಿ ಒಂದು ಸುತ್ತು. ಹೊರ ಲೇನಿನ ಮಗು ಮುಂದೆ ನಿಂತಿರುತ್ತೆ. ಯಾರದ್ದಾದರೂ ಅಪ್ಪ ಬೇಲಿ ಹತ್ತಿರದಿಂದ ಕೂಗ್ತಾರೆ: "ಏನ್ ಮೇಷ್ಟ್ರೇ, ಆ ಹುಡುಗನ್ನ ಯಾಕೆ ಅಷ್ಟು ಮುಂದೆ ನಿಲ್ಸಿದ್ದೀರಿ? ನಿಮ್ಮ ನೆಂಟರಾ?" ಮೇಷ್ಟ್ರು ವಾದ ಮಾಡ್ತಿರಲಿಲ್ಲ. ಆ ಅಪ್ಪನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಎರಡನೇ ಲೇನಿನಲ್ಲಿ ಒಂದು ಸುತ್ತು ಅಳೆಸ್ತಿದ್ದರು. 7 ಮೀಟರ್ 67 ಸೆಂಟಿಮೀಟರ್ ಹೆಚ್ಚು ಬರೋದು. ಆ ಹುಡುಗ ಮೊದಲ ಲೇನಿನವನಿಗಿಂತ ಮುಂದೆ ನಿಂತಿರೋದೂ ಸರಿಯಾಗಿ ಅಷ್ಟೇ. ನಾಲ್ಕನೇ ಲೇನಿನವನು 23 ಮೀಟರ್ ಮುಂದೆ. ಆ ಅಪ್ಪ ಮುಂದಿನ ವರ್ಷ ಹೊಸದಾಗಿ ಕೂಗೋ ಇನ್ನೊಬ್ಬ ಅಪ್ಪನಿಗೆ ತಾನೇ ವಿವರಿಸೋರು.

ಇದರಲ್ಲಿ ನನಗೆ ಇವತ್ತಿಗೂ ಮಜಾ ಅನ್ನಿಸೋ ವಿಷಯ ಒಂದಿದೆ. ಈ 7.67 ಅನ್ನೋದು ವೃತ್ತ ದೊಡ್ಡದಾ ಚಿಕ್ಕದಾ ಅನ್ನೋದರ ಮೇಲೆ ನಿಂತಿಲ್ಲ. ಲೇನಿನ ಅಗಲದ ಮೇಲೆ ಮಾತ್ರ ನಿಂತಿದೆ. 1.22ನ್ನು 6.283ರಿಂದ ಗುಣಿಸಿ, ಮುಗೀತು. ನಮ್ಮ ಪುಟ್ಟ ಬಯಲಲ್ಲೂ ದೊಡ್ಡ ಕ್ರೀಡಾಂಗಣದಲ್ಲೂ ಎರಡನೇ ಲೇನಿಂದ ಮೂರನೆಯದಕ್ಕೆ ಒಂದು ಸುತ್ತಿಗೆ ಅದೇ 7.67.

ಈಗ ಒಂದು ಸಲ ಏನು ಎಡವಟ್ಟಾಯ್ತು ಅಂತ ಹೇಳ್ತೀನಿ. ಮೇಷ್ಟ್ರಿಗೆ ಇದನ್ನು ಹೇಳೋದು ಇಷ್ಟ ಇಲ್ಲ ಅಂತ ಗೊತ್ತು. ಆದರೂ ಹೇಳ್ತೀನಿ.

ನನ್ನ ಅಣ್ಣ 800 ಮೀಟರ್ ಓಡ್ತಿದ್ದ. ನಾಲ್ಕು ಸುತ್ತು. ಒಂದು ವರ್ಷ ಇಲ್ಲಿ ಎರಡು ನಿಮಿಷ 16 ಸೆಕೆಂಡಿಗೆ ಓಡಿದ. ಅವನ ಕಾಲು ನೆಲದ ಮೇಲೆ ಇರಲಿಲ್ಲ. ಕ್ರೀಡಾಕೂಟಕ್ಕೆ ಹೋದ. ಅಲ್ಲಿ ಎರಡು ನಿಮಿಷ 18 ಬಂತು. ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. "ಭಯಕ್ಕೆ ಕಾಲು ಎಳೀತು" ಅಂತ ತನ್ನನ್ನೇ ಬೈಕೊಂಡ. ಮೇಷ್ಟ್ರು ಏನೂ ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾವು ಹೋಗುವಾಗ ಅವರೊಬ್ಬರೇ ಸ್ಟೀಲ್ ಟೇಪ್ ಹಿಡಿದು ಗೂಟದ ಹತ್ತಿರ ಕೂತಿದ್ದರು. ಗೂಟದಿಂದ ಗೆರೆಗೆ 18.90 ಇರಬೇಕಾದ್ದು 18.50 ಇತ್ತು. ಎರಡೂ ತಿರುವಿನಲ್ಲಿ.

ಕಾರಣ ಹಗ್ಗ. ಹತ್ತಿ ಹಗ್ಗವನ್ನು ಹಿಂದಿನ ಸಂಜೆ ಒಣಗಿದ್ದಾಗ ಅಳೆದು ಗಂಟು ಹಾಕಿಟ್ಟಿದ್ದರು. ರಾತ್ರಿ ಅದು ಹೊರಗೆ ಇಬ್ಬನಿಯಲ್ಲಿ ನೆನೆದಿತ್ತು. ನೆಂದರೆ ನಾರು ಉಬ್ಬುತ್ತೆ, ಹೊಸೆದ ಹಗ್ಗ ಉದ್ದದಲ್ಲಿ ಕುಗ್ಗುತ್ತೆ. ಬೆಳಿಗ್ಗೆ ಅದೇ ಹಗ್ಗದಲ್ಲಿ ಗೆರೆ ಎಳೆದರು. ತ್ರಿಜ್ಯದಲ್ಲಿ 40 ಸೆಂಟಿಮೀಟರ್ ಹೋದರೆ ಸುತ್ತಿನಲ್ಲಿ ಎರಡೂವರೆ ಮೀಟರ್ ಹೋಗುತ್ತೆ. ನಾಲ್ಕು ಸುತ್ತಿಗೆ ಹತ್ತು ಮೀಟರ್. ನನ್ನ ಅಣ್ಣ ಇಲ್ಲಿ ಓಡಿದ್ದು 790 ಮೀಟರ್. ಉಳಿದ ಹತ್ತು ಮೀಟರಿಗೆ ಅವನ ವೇಗದಲ್ಲಿ ಒಂದೂಮುಕ್ಕಾಲು ಸೆಕೆಂಡ್ ಬೇಕು. ಲೆಕ್ಕ ಸರಿಹೋಯ್ತಲ್ವಾ? ಅವನು ನಿಧಾನ ಓಡಿರಲೇ ಇಲ್ಲ.

ಮೇಷ್ಟ್ರು ಅವನನ್ನು ಕರೆದು ಎಲ್ಲರ ಮುಂದೆ ಹೇಳಿದರು: "ತಪ್ಪು ನಿನ್ನದಲ್ಲ ಕಣೋ, ನನ್ನ ಹಗ್ಗದ್ದು." ಆ ಕಾಲದಲ್ಲಿ ಮೇಷ್ಟ್ರು ಒಬ್ಬರು ಮಕ್ಕಳ ಮುಂದೆ ಹಾಗಂದಿದ್ದು ನಾನು ಅದೊಂದೇ ಸಲ ಕೇಳಿದ್ದು.

ಅವತ್ತಿಂದ ಹಗ್ಗ ಹೋಯ್ತು, ತಂತಿ ಬಂತು. ಒಂದು ತುದಿಗೆ ಗೂಟಕ್ಕೆ ಸಿಕ್ಕಿಸೋ ಬಳೆ, ಇನ್ನೊಂದು ತುದಿಗೆ ಮೊಳೆ. ನೈಲಾನ್ ಹಗ್ಗ ನೆನೆದರೂ ಪರವಾಗಿಲ್ಲ ಅಂತ ಯಾರೋ ಹೇಳಿದ್ದರು. ಆದರೆ ಅದು ಎಳೆದಷ್ಟೂ ಹಿಗ್ಗುತ್ತೆ. ಗಟ್ಟಿಯಾಗಿ ಎಳೆಯೋ ಹುಡುಗ ಹಿಡಿದರೆ ಒಂದು ಟ್ರ್ಯಾಕ್, ಮೆತ್ತಗೆ ಹಿಡಿಯೋ ಹುಡುಗಿ ಹಿಡಿದರೆ ಇನ್ನೊಂದು ಟ್ರ್ಯಾಕ್.

ಆಮೇಲೆ ಪರೀಕ್ಷೆಗೆ ಒಂದು ಸೈಕಲ್ ಚಕ್ರ ಬಂತು. ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಚಕ್ರ ಉರುಳಿಸ್ಕೊಂಡು ಹೋಗೋದು, ಬಟ್ಟೆ ಎಷ್ಟು ಸಲ ಕೆಳಗೆ ಬಂತು ಅಂತ ಎಣಿಸೋದು. ಆ ಚಕ್ರದ ಸುತ್ತಳತೆ 2.08 ಮೀಟರ್. 96 ಸುತ್ತು, ಮೇಲೊಂದು ಅಡಿ ಬಂದರೆ 200 ಮೀಟರ್. ಗಾಳಿ ಕಮ್ಮಿ ಇದ್ದರೆ ಚಕ್ರ ಕುಸಿದು ಲೆಕ್ಕ ತಪ್ಪುತ್ತೆ. ಹಾಗಾಗಿ ಪ್ರತಿ ಸಲ ಗಾಳಿ ತುಂಬಿಸಿ, ಮೊದಲು ಟೇಪಿನ ಪಕ್ಕ 50 ಮೀಟರ್ ಉರುಳಿಸಿ ನೋಡಿ, ಆಮೇಲೇ ಟ್ರ್ಯಾಕಿಗೆ.

ಇದು ಬರೆಯೋ ಕಥೆ. ಇನ್ನು ಓದೋದು.

ನಾನು ಲಾಂಗ್ ಜಂಪ್‌ನವಳು. ನನ್ನ ಓಟ 13 ಹೆಜ್ಜೆ, ಸುಮಾರು 20 ಮೀಟರ್, ಕೊನೆಗೆ ಜಿಗಿಯೋ ಹಲಗೆ. ನಾನು ಜಿಗಿಯೋ ಮುಂಚೆ ಮೇಷ್ಟ್ರು ಕೊನೆಯ ಏಳೆಂಟು ಮೀಟರನ್ನು ಪೊರಕೆಯಿಂದ ಗುಡಿಸ್ತಿದ್ದರು. ಮೊದಮೊದಲು ಕಲ್ಲು ಚುಚ್ಚದಿರಲಿ ಅಂತ ಗುಡಿಸ್ತಾರೆ ಅಂದ್ಕೊಂಡಿದ್ದೆ. ನಾನು ಓಡಿ ಜಿಗಿದು ಮರಳಿಂದ ಎದ್ದು ಬರುವಾಗ ಅವರು ನನ್ನ ಕಡೆ ನೋಡ್ತಾನೇ ಇರಲಿಲ್ಲ. ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡ್ತಿದ್ದರು. ಎಷ್ಟು ದೂರ ಜಿಗಿದೆ ಅಂತ ಕೇಳಿದರೆ "ತಡಿಯಮ್ಮ, ಓದ್ತಾ ಇದ್ದೀನಿ" ಅಂತಿದ್ದರು.

ಅವರು ಓದ್ತಿದ್ದದ್ದು ಹೆಜ್ಜೆ ಗುರುತು. ಬರಿಗಾಲು, ಗುಡಿಸಿದ ಮೆತ್ತನೆ ಮಣ್ಣು. ಪ್ರತಿ ಹೆಜ್ಜೆಯೂ ಅಚ್ಚಾಗಿ ಕೂತಿರುತ್ತೆ. ಚೆನ್ನಾಗಿ ನೆಲ ತಳ್ಳಿದ ಹೆಜ್ಜೆಯಲ್ಲಿ ಬೆರಳಿನ ಹಿಂದೆ ಮಣ್ಣು ಸಣ್ಣದಾಗಿ ಗುಡ್ಡೆ ಆಗಿರುತ್ತೆ. ಬ್ರೇಕ್ ಹಾಕಿದ ಹೆಜ್ಜೆಯಲ್ಲಿ ಹಿಮ್ಮಡಿ ಆಳಕ್ಕೆ ಇಳಿದಿರುತ್ತೆ, ಮಣ್ಣು ಮುಂದಕ್ಕೆ ಚಿಮ್ಮಿರುತ್ತೆ. ಹೆಜ್ಜೆಗಳು ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿದ್ದರೆ ಸರಿ. ಎಡಕ್ಕೆ ಬಲಕ್ಕೆ ಹರಡಿದ್ದರೆ ಓಡೋವಾಗ ಮೈ ತೂಗಾಡ್ತಿದೆ ಅಂತ.

ಒಂದು ದಿನ ನನ್ನ ಕೊನೆಯ ನಾಲ್ಕು ಹೆಜ್ಜೆ ಅಳೆದು ಮಣ್ಣಲ್ಲೇ ಬರೆದರು. 1.70, 1.72, 1.78, 1.95. "ನೋಡು, ಕೊನೇದು ಎಷ್ಟುದ್ದ. ಹಲಗೆ ಸಿಗಲ್ಲ ಅಂತ ಕಾಲು ಚಾಚಿದ್ದೀಯ" ಅಂದರು. ಕಾಲು ಮುಂದೆ ಚಾಚಿದರೆ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತೆ, ಮೈ ಹಿಂದೆ ಉಳಿಯುತ್ತೆ, 13 ಹೆಜ್ಜೆಯಲ್ಲಿ ಕೂಡಿಸಿದ ವೇಗ ಅಲ್ಲೇ ಸತ್ತುಹೋಗುತ್ತೆ. ಒಳ್ಳೆ ಜಿಗಿತದಲ್ಲಿ ಇದರ ಉಲ್ಟಾ. ಕೊನೆಯದರ ಹಿಂದಿನ ಹೆಜ್ಜೆ ಸ್ವಲ್ಪ ಉದ್ದ, ಅಲ್ಲಿ ಸೊಂಟ ಕೊಂಚ ಕೆಳಗೆ ಇಳಿಯುತ್ತೆ. ಕೊನೆಯ ಹೆಜ್ಜೆ ಗಿಡ್ಡ, ಅಲ್ಲಿ ಮೈ ಕಾಲಿನ ಮೇಲೆ ಬೇಗ ಬಂದು ಮೇಲಕ್ಕೆ ಏಳುತ್ತೆ.

ಆದರೆ ಅವರು ನನಗೆ "ಕೊನೆ ಹೆಜ್ಜೆ ಗಿಡ್ಡ ಮಾಡು" ಅಂತ ಹೇಳಲೇ ಇಲ್ಲ. ಹಾಗೆ ಹೇಳಿದ್ದರೆ ನಾನು ಹಲಗೆ ನೋಡ್ತಾ ಓಡ್ತಿದ್ದೆ, ಇನ್ನೂ ಕೆಡ್ತಿತ್ತು. ಅವರು ಓಟ ಶುರು ಮಾಡೋ ಗುರುತನ್ನು ಮುಂದಕ್ಕೆ ಸರಿಸಿದರು. ಅದಕ್ಕೊಂದು ಪದ್ಧತಿ ಇತ್ತು. ಹಲಗೆ ಮೇಲೆ ನಿಂತು, ಮರಳಿಗೆ ಬೆನ್ನು ಮಾಡಿ, ಉಲ್ಟಾ ದಿಕ್ಕಿಗೆ 13 ಹೆಜ್ಜೆ ಪೂರ್ತಿ ವೇಗದಲ್ಲಿ ಓಡೋದು. ಹದಿಮೂರನೆಯದು ಬಿದ್ದ ಕಡೆ ಅವರು ಒಂದು ಕಡ್ಡಿ ಚುಚ್ಚೋರು. ಹೀಗೆ ಐದಾರು ಸಲ. ಕಡ್ಡಿಗಳು ಒಂದು ಕಡೆ ಗುಂಪಾಗಿರುತ್ತವೆ, ಒಂದೋ ಎರಡೋ ದೂರ ಇರುತ್ತವೆ. ದೂರದ್ದನ್ನು ಬಿಟ್ಟು ಗುಂಪಿನ ನಡುವೆ ಗುರುತು. ಅವತ್ತು ಹಾಗೆ ಮಾಡಿದಾಗ ನನ್ನ ಹಳೇ ಗುರುತು ಒಂದಡಿ ಹಿಂದೆ ಇತ್ತು ಅಂತ ಗೊತ್ತಾಯ್ತು. ಹೊಸ ಗುರುತಿಂದ ಓಡಿದೆ. ಮಣ್ಣಲ್ಲಿ ಬಂದದ್ದು 1.72, 1.70, 1.82, 1.60. ನಾನು ಬೇರೆ ಏನೂ ಮಾಡಿರಲಿಲ್ಲ.

ಗುಂಡಿಯ ಮರಳಿನ ಬಗ್ಗೆ ಒಂದೇ ಮಾತು. ಪ್ರತಿ ದಿನ ಸಲಿಕೆಯಲ್ಲಿ ಒಂದಡಿ ಆಳ ತಿರುವದೆ ಯಾರನ್ನೂ ಜಿಗಿಯಲು ಬಿಡ್ತಿರಲಿಲ್ಲ. ತಿರುವದ ಮರಳು ಕಲ್ಲಿನ ಹಾಗೆ. ಈಗ ನನ್ನ ಮಕ್ಕಳೂ ತಿರುವ್ತಾರೆ, ಈಗ ಅವರು ನನ್ನ ಮೇಲೆ ಗೊಣಗ್ತಾರೆ.

ಈ ಓದೋ ವಿದ್ಯೆ ಎಲ್ಲ ಕಡೆ ನಡೆಯಲ್ಲ. ಮೊದಲ ಸಲ ಸಿಂಥೆಟಿಕ್ ಟ್ರ್ಯಾಕಿಗೆ ಹೋದಾಗ ಮೇಷ್ಟ್ರು ಬಗ್ಗಿ ಅದನ್ನು ಕೈಯಲ್ಲಿ ಒತ್ತಿ ನೋಡಿದರು. "ಇದರ ಮೇಲೆ ಏನೂ ಬೀಳಲ್ಲವಲ್ಲ" ಅಂದರು. ಹೆಜ್ಜೆ ಗುರುತೇ ಇಲ್ಲ. ಸ್ಲೇಟು ಇಲ್ಲದ ಮೇಷ್ಟ್ರು ಏನು ಮಾಡ್ತಾರೆ? ಬೇಲಿ ಆಚೆ ನಿಂತು, ಹಲಗೆಯಿಂದ ಆರು ಹೆಜ್ಜೆ ಹಿಂದೆ ನನ್ನ ಕಾಲು ಬೀಳಬೇಕಾದ ಜಾಗಕ್ಕೆ ನೇರವಾಗಿ ಬೇಲಿಗೆ ಕರ್ಚೀಫು ಕಟ್ಟಿದರು.

ನನ್ನ ಮೊದಲ ಜಿಗಿತ ಫೌಲ್. ಬೆರಳ ತುದಿಯಷ್ಟು ಹಲಗೆ ದಾಟಿದ್ದೆ. ಎರಡನೆಯದೂ ಫೌಲ್, ಅರ್ಧ ಪಾದ. ಮೊದಲ ಮೂರರಲ್ಲಿ ಒಂದಾದರೂ ಸರಿಯಾಗಿರದಿದ್ದರೆ ಮನೆಗೆ. ನಾನು ಅಳೋ ಹಾಗಾಗಿದ್ದೆ. ಕೊನೆಯ ಹೆಜ್ಜೆ ಗಿಡ್ಡ ಮಾಡಿ ಹೇಗಾದರೂ ಹಲಗೆ ಮೇಲೆ ಕಾಲಿಡೋಣ ಅಂತ ಯೋಚನೆ ಮಾಡ್ತಿದ್ದೆ. ಮೇಷ್ಟ್ರು ಬೇಲಿಯಿಂದ ಎರಡು ಬೆರಳು ತೋರಿಸಿ, ಕೈ ಹಿಂದಕ್ಕೆ ತಳ್ಳಿದರು. ಎರಡು ಗೇಣು ಹಿಂದೆ ಅಂತ. ಅಷ್ಟೇ.

ಆಮೇಲೆ ವಿವರಿಸಿದರು. ಕರ್ಚೀಫಿನ ಹತ್ತಿರ ಬರುವಾಗಲೇ ನಾನು ಎರಡು ಗೇಣು ಮುಂದೆ ಇದ್ದೆ. ಅಂದರೆ ತಪ್ಪು ಕೊನೆಯ ಹೆಜ್ಜೆಯಲ್ಲಿ ಇರಲಿಲ್ಲ. ಆ ನೆಲ ಕಾಲನ್ನು ವಾಪಸ್ ಎತ್ತಿ ಕೊಡುತ್ತೆ, ನಮ್ಮ ಮಣ್ಣಿನ ಹಾಗೆ ನುಂಗಲ್ಲ. ಜೊತೆಗೆ ಜನ, ಗದ್ದಲ, ಹುಮ್ಮಸ್ಸು. ಪ್ರತಿ ಹೆಜ್ಜೆಯೂ ಆರೇಳು ಸೆಂಟಿಮೀಟರ್ ಉದ್ದ ಆಗಿತ್ತು. ಕರ್ಚೀಫಿನ ಹತ್ತಿರ ನಾನು ಸರಿಯಾಗಿದ್ದು ಹಲಗೆ ಹತ್ತಿರ ದಾಟಿದ್ದರೆ ಆಗ ಕೊನೆಯ ಹೆಜ್ಜೆಗಳ ತಪ್ಪು, ಗುರುತು ಸರಿಸಿ ಪ್ರಯೋಜನ ಇಲ್ಲ. ಎರಡು ಗೇಣು ಹಿಂದೆ ಹೋಗಿ ಓಡಿದೆ. ಹಲಗೆ ಸಿಕ್ತು. ಕೊನೆಗೆ ಐದನೇ ಸ್ಥಾನ ಬಂತು. ಪದಕ ಇಲ್ಲ, ಅದನ್ನೂ ಹೇಳಿಬಿಡ್ತೀನಿ.

ವಾಪಸ್ ಬರೋವಾಗ ಬಸ್ಸಲ್ಲಿ ಅವರು ಬಾಬ್ ಬೀಮನ್ ಕಥೆ ಹೇಳಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್. ಅರ್ಹತಾ ಸುತ್ತಿನಲ್ಲಿ ಬೀಮನ್‌ಗೂ ಮೊದಲ ಎರಡು ಫೌಲ್. ಅವರ ಜೊತೆಗಾರ, ಎದುರಾಳಿಯೂ ಆಗಿದ್ದ ರಾಲ್ಫ್ ಬೋಸ್ಟನ್ ಬಂದು, ಹಲಗೆಗಿಂತ ಮುಂಚೆಯೇ ಎದ್ದುಬಿಡು ಅಂತ ಹೇಳಿದರು. ಮೂರನೆಯದು ಸರಿಯಾಯ್ತು. ಮಾರನೇ ದಿನ ಬೀಮನ್ 8.90 ಮೀಟರ್ ಜಿಗಿದರು. ಅಷ್ಟು ದೂರಕ್ಕೆ ಅಲ್ಲಿದ್ದ ಅಳತೆಯ ಯಂತ್ರ ತಲುಪಲೇ ಇಲ್ಲ. ಕೊನೆಗೆ ಸ್ಟೀಲ್ ಟೇಪ್ ತಂದು ಅಳೆದರು. ಮೇಷ್ಟ್ರಿಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಆ ಟೇಪು. ಎರಡು ಸಲ ಹೇಳಿದರು.

ಮೇಷ್ಟ್ರು ಓದೋದರಲ್ಲಿ ಎಡವಿದ್ದೂ ಇದೆ. ಬೇಸಿಗೆಯಲ್ಲಿ ನಮ್ಮ ನೆಲ ಕಾಂಕ್ರೀಟ್ ಆಗುತ್ತೆ. ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿಯಲ್ಲಿ ನೋವು ಶುರುವಾಗುತ್ತೆ. ಒಬ್ಬ ಹುಡುಗ ನೋವು ಅಂದಾಗ "ಎಲ್ಲರಿಗೂ ಬರುತ್ತೆ, ಹೋಗುತ್ತೆ" ಅಂದುಬಿಟ್ಟರು. ಅವನು ಎರಡು ವಾರ ಓಡಿದ. ಮೂಳೆಯಲ್ಲಿ ಬಿರುಕು ಬಂದಿತ್ತು. ಆಮೇಲೆ ಅವರು ಬೆರಳಿಟ್ಟು ನೋಡೋದು ಕಲಿತರು. ಗೇಣುದ್ದ ಪೂರ್ತಿ ನೋವಿದ್ದರೆ ಓಟ ಕಡಿಮೆ. ಒಂದೇ ಬೆರಳಿನಷ್ಟು ಜಾಗದಲ್ಲಿ ಚುಚ್ಚಿದ ಹಾಗೆ ನೋವಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಆ ಕ್ಷಣವೇ ಓಟ ಬಂದ್, ಡಾಕ್ಟರ ಹತ್ತಿರ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಿಸದಿದ್ದರೂ ಬಂದ್. ಅಂಥ ಸಣ್ಣ ಬಿರುಕು ಎಷ್ಟೋ ಸಲ ಮೊದಲ ವಾರಗಳಲ್ಲಿ ಎಕ್ಸ್‌ರೇಗೆ ಸಿಗೋದೇ ಇಲ್ಲ. ಆ ಹುಡುಗ ಇವತ್ತು ಹಿಂದಿನ ಸಾಲಲ್ಲಿ ಕೂತಿದ್ದಾನೆ, ಅವನ ಮಗಳು ಇಲ್ಲೇ ಓಡ್ತಾಳೆ.

ಕೊನೆಗೆ ಒಂದು ಸಣ್ಣ ಸುದ್ದಿ. ಇವತ್ತು ಬೆಳಿಗ್ಗೆ ಐದೂವರೆಗೆ ನಾವು ಹಳೇ ಮಕ್ಕಳು ಹನ್ನೆರಡು ಜನ ಸೇರಿ ಬಯಲಲ್ಲಿ ಟ್ರ್ಯಾಕ್ ಹಾಕಿದೆವು. ಮೇಷ್ಟ್ರ ಮುಂದೆ ಮಕ್ಕಳು ಒಂದು ಸುತ್ತು ಓಡಲಿ ಅಂತ. ತಂತಿಯಲ್ಲೇ ಎಳೆದೆವು, ಅಡ್ಡ ಅಳತೆ ಎರಡೂ ಸರಿಯಾಗಿ ಬಂತು. ಅವರಿಗೆ ಹೇಳಿರಲಿಲ್ಲ. ಎಂಟು ಗಂಟೆಗೆ ಅವರೇ ಸೈಕಲ್ ಚಕ್ರ ತಗೊಂಡು ಬಂದರು. ಹೇಗೆ ಗೊತ್ತಾಯ್ತೋ. ಗಾಳಿ ತುಂಬಿಸಿ ಒಂದು ಸುತ್ತು ಉರುಳಿಸಿದರು. ನಾವು ಹನ್ನೆರಡು ಜನ ಹಿಂದೆ ಹಿಂದೆ ಎಣಿಸ್ಕೊಂಡು ಹೋದೆವು. 96 ಸುತ್ತಾಯ್ತು. ಮೇಲೊಂದು ಅಡಿ ಬರಬೇಕಿತ್ತು, ನಾಲ್ಕು ಬೆರಳು ಬಂತು. ಎರಡನೇ ತಿರುವಿನ ಗೂಟ ವಾಲಿದೆಯಂತೆ. ಊಟ ಆದ ಮೇಲೆ ಅದನ್ನು ಕಿತ್ತು ಮತ್ತೆ ನೆಡಬೇಕು. ಕೈ ಖಾಲಿ ಇರೋರು ಬನ್ನಿ, ತಂತಿ ಹಿಡಿಯಲು ಇಬ್ಬರು ಬೇಕು.